ಉಪ್ಪಾಗೆ ಸಿಪ್ಪೆಯ ಮೂರು ಅಪೀಲ್

ಬೆಂಗಳೂರಲ್ಲಿ ನಾಲ್ಕು ವರ್ಷ ನಾನು ಅಪೀಲ್ ಓದುವ ಕೆಲಸ ಮಾಡಿದೆ. ಜನರ ಪೋಸ್ಟನ್ನೋ ಮಾರಾಟದ ವಸ್ತುವನ್ನೋ ಆ್ಯಪ್ ತೆಗೆದುಹಾಕಿರುತ್ತದೆ. ಅವರು "ಇದು ತಪ್ಪು, ಮತ್ತೆ ನೋಡಿ" ಎಂದು ಬರೆಯುತ್ತಾರೆ. ಅದು ನನ್ನ ಮುಂದೆ ಬರುತ್ತಿತ್ತು. ಈಗ ಶಿರಸಿಗೆ ವಾಪಸ್ ಬಂದು ಸಣ್ಣ ಮಾರಾಟಗಾರರ ಆನ್‌ಲೈನ್ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಮೊದಲು ಓದುತ್ತಿದ್ದವನು ಈಗ ಬರೆಯುವವನಾಗಿದ್ದೇನೆ. ಎರಡೂ ಕಡೆ ಕೂತಿದ್ದರಿಂದ ಗೊತ್ತಾದದ್ದನ್ನು ಒಂದು ಕೇಸ್ ಇಟ್ಟುಕೊಂಡು ಹೇಳುತ್ತೇನೆ.

2024ರ ಮಳೆಗಾಲ. ಶಿರಸಿ ಹತ್ತಿರದ ಒಂದು ಮಹಿಳಾ ಸಂಘದವರು ಅಡುಗೆಗೆ ಹುಳಿಗೆಂದು ಹಾಕುವ ಉಪ್ಪಾಗೆ ಸಿಪ್ಪೆ, ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಒಂದು ಸೋಶಿಯಲ್ ಮೀಡಿಯಾ ಆ್ಯಪ್‌ನಲ್ಲಿ ಅವರ ಅಂಗಡಿ ಪುಟ ಇದೆ. ಒಂದು ದಿನ ಉಪ್ಪಾಗೆ ಸಿಪ್ಪೆ ಮಾತ್ರ ಮಾಯವಾಯಿತು. ಕಾರಣ ಎಂದು ಬಂದಿದ್ದು ಒಂದೇ ಸಾಲು: ತೂಕ ಇಳಿಸುವ ಉತ್ಪನ್ನಗಳನ್ನು ಇಲ್ಲಿ ಮಾರುವ ಹಾಗಿಲ್ಲ. ಸಂಘದ ಅಕ್ಕ ನನಗೆ ಫೋನ್ ಮಾಡುವ ಹೊತ್ತಿಗೆ ಎರಡು ಅಪೀಲ್ ಹಾಕಿ ಮುಗಿದಿತ್ತು. "ತಮಾ, ಎಂತ ಬರದ್ರೂ ಆಗ್ತಿಲ್ಲೆ. ಅಲ್ಲಿ ಓದವ್ರು ಇದ್ವಾ ಇಲ್ಯಾ?" ಎಂದರು.

ಸರಿಯಾದ ಪ್ರಶ್ನೆ ಅದು. ಮೊದಲನೇ ಅಪೀಲನ್ನು ಯಾರೂ ಓದಿರಲಿಲ್ಲ ಅಂತಲೇ ನನಗೆ ಅನ್ನಿಸಿತು. ರಾತ್ರಿ ಹನ್ನೊಂದೂವರೆಗೆ ಕಳಿಸಿದ್ದರು, ನಾಲ್ಕು ನಿಮಿಷದಲ್ಲಿ ಉತ್ತರ ಬಂದಿತ್ತು. ಬರೀ ಬೇಗ ಬಂತು ಅಂತ ಯಂತ್ರದ ಉತ್ತರ ಎನ್ನಲು ಬರುವುದಿಲ್ಲ, ಮನುಷ್ಯರೂ ಸಿದ್ಧ ಉತ್ತರವನ್ನೇ ಒತ್ತಿ ಕಳಿಸುತ್ತಾರೆ. ಆದರೆ ಆ ಉತ್ತರದಲ್ಲಿ ವಸ್ತುವಿನ ಹೆಸರೇ ಇರಲಿಲ್ಲ. ಮೊದಲ ನೋಟಿಸಿನ ಅದೇ ಸಾಲು, ಒಂದಕ್ಷರ ಬದಲಾಗಿರಲಿಲ್ಲ. ಈ ಮೂರೂ ಒಟ್ಟಿಗೆ ಕಂಡರೆ ನಾನು ಯಂತ್ರ ಎಂದೇ ಹಿಡಿಯುತ್ತೇನೆ.

ನಾನಿದ್ದ ಕಡೆ ಯಂತ್ರ ಏನು ಮಾಡುತ್ತಿತ್ತು ಎಂದರೆ, ಅಪೀಲ್ ಬಂದ ಕೂಡಲೇ ಆ ವಸ್ತುವನ್ನೇ ಇನ್ನೊಂದು ಸಲ ತೂಗುತ್ತಿತ್ತು. ಶೀರ್ಷಿಕೆ, ವಿವರ, ಫೋಟೊ, ಫೋಟೊದಲ್ಲಿರುವ ಅಕ್ಷರ, ಎಲ್ಲವನ್ನೂ. ನಿಯಮ ಮುರಿದಿದೆ ಎಂಬುದು ಎಷ್ಟು ಖಾತ್ರಿ ಎಂದು ಒಂದು ಅಂಕ ಬರುತ್ತದೆ. ಅಂಕ ತುಂಬಾ ಮೇಲಿದ್ದರೆ ಅಲ್ಲೇ ತಿರಸ್ಕಾರ, ಕೆಳಗಿದ್ದರೆ ಅಲ್ಲೇ ವಾಪಸ್. ನಡುವೆ ಇದ್ದರೆ ಮನುಷ್ಯರ ಕ್ಯೂಗೆ ಹೋಗುತ್ತದೆ. ಈ ತೂಕದಲ್ಲಿ ನೀವು ಬರೆದ ಅಪೀಲ್ ಮಾತು ಸೇರಿರುವುದೇ ಇಲ್ಲ. ಸಂಘದ ಅಕ್ಕ ಒಂದು ಪುಟ ಬರೆದಿದ್ದರು. ಹನ್ನೆರಡು ಮನೆ ಇದರ ಮೇಲೆ ನಡೆಯುತ್ತದೆ, ಕಾಡಿಗೆ ಹೋಗಿ ಹೆಕ್ಕಿ ತರುತ್ತೇವೆ, ಮಳೆಯಲ್ಲಿ ಹೊಗೆ ಹಾಕಿ ಒಣಗಿಸುತ್ತೇವೆ ಎಂದೆಲ್ಲ. ಎಲ್ಲ ನಿಜ. ಆದರೆ ವಸ್ತು ಹಾಗೇ ಇತ್ತು, ಅಂಕವೂ ಹಾಗೇ ಬಂತು.

ಅಂಕ ಯಾಕೆ ಅಷ್ಟು ಮೇಲಿತ್ತು? ಉಪ್ಪಾಗೆಯ ಸಸ್ಯಶಾಸ್ತ್ರದ ಹಳೆಯ ಹೆಸರು `Garcinia cambogia`. ಹೊರದೇಶಗಳಲ್ಲಿ ಈ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆ ಮಾರುತ್ತಾರೆ. ಸಿಪ್ಪೆಯಲ್ಲಿರುವ ಒಂದು ಹುಳಿ ಅಂಶವನ್ನು ತೆಗೆದು ಮಾಡುವ ಮಾತ್ರೆ ಅದು. ಆ ಮಾತ್ರೆಗಳಿಂದ ಲಿವರ್‌ಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಹಾಗಾಗಿ ಯಂತ್ರ ಆ ಹೆಸರನ್ನು ಹಿಡಿಯುವುದು ಸುಮ್ನೆ ಅಲ್ಲ. ನಮ್ಮಲ್ಲಿ ಅದೇ ಸಿಪ್ಪೆಯನ್ನು ಹುಣಸೆ ಬದಲು ಸಾರಿಗೆ ಹಾಕುತ್ತಾರೆ, ಕೇರಳದಲ್ಲಿ ಮೀನು ಸಾರಿಗೆ ಹಾಕುತ್ತಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಸಂಘದ ಹುಡುಗಿಯೊಬ್ಬಳು ವಿವರ ಚೆನ್ನಾಗಿ ಕಾಣಲಿ ಎಂದು ಈ ಹೆಸರನ್ನು ನೆಟ್‌ನಿಂದ ತಂದು ಹಾಕಿದ್ದಳು.

ಎರಡನೇ ಅಪೀಲ್ ಬೇರೆ ದಾರಿ ಹಿಡಿದಿತ್ತು. ಸಿಟ್ಟು ಬಂದು "ಕೋರ್ಟಿಗೆ ಹೋಗುತ್ತೇವೆ, ವಕೀಲರಿಂದ ನೋಟಿಸ್ ಕಳಿಸುತ್ತೇವೆ" ಎಂದು ಬರೆದಿದ್ದರು. ಕಾರಣ ಆರಿಸುವ ಪಟ್ಟಿಯಲ್ಲಿ "ಇತರೆ" ಒತ್ತಿದ್ದರು. ಹನ್ನೊಂದು ದಿನ ಒಂದೂ ಉತ್ತರ ಬರಲಿಲ್ಲ. ಇಲ್ಲಿ ಮಾತು ಕೆಲಸ ಮಾಡಿತ್ತು, ಆದರೆ ಉಲ್ಟಾ. ಅಪೀಲಿನ ಮಾತನ್ನು ಯಂತ್ರ ಓದುವುದು ತೀರ್ಪಿಗಲ್ಲ, ವಿಂಗಡಣೆಗೆ. ಭಾಷೆ ಯಾವುದು, ಆರಿಸಿದ ಕಾರಣ ಯಾವುದು, ಕೆಲವು ಗೊತ್ತುಪಡಿಸಿದ ಪದ ಇದೆಯಾ ಎಂದು ನೋಡಿ ಕ್ಯೂಗೆ ಹಾಕುತ್ತದೆ. ನಮ್ಮಲ್ಲಿ ಕೋರ್ಟ್, ವಕೀಲ, ನೋಟಿಸ್ ಎಂದು ಕಂಡರೆ ಟಿಕೆಟ್ ಕಾನೂನು ವಿಭಾಗಕ್ಕೆ ಹೋಗುತ್ತಿತ್ತು. ಆಮೇಲೆ ನಾವು ಅದನ್ನು ಮುಟ್ಟುವ ಹಾಗಿರಲಿಲ್ಲ. ಕಾನೂನು ವಿಭಾಗದವರು ನಿಜವಾದ ನೋಟಿಸ್ ಬರುತ್ತದಾ ಎಂದು ನೋಡುತ್ತಾರೆಯೇ ಹೊರತು ಸಿಪ್ಪೆ ಅಡುಗೆಯದ್ದೋ ಔಷಧಿಯದ್ದೋ ಎಂದು ನೋಡುವುದು ಅವರ ಕೆಲಸವಲ್ಲ. ನಿಜವಾಗಿ ಕೋರ್ಟಿಗೆ ಹೋಗುವವರು ಹೋಗಲಿ, ಅದು ಅವರ ಹಕ್ಕು. ಅಪೀಲ್ ಪೆಟ್ಟಿಗೆಯಲ್ಲಿ ಬೆದರಿಕೆಯಾಗಿ ಬರೆದರೆ ಮಾತ್ರ ಓದಬೇಕಾದವರ ಕೈಯಿಂದಲೇ ಅದು ಜಾರಿಹೋಗುತ್ತದೆ.

ಇನ್ನೊಂದು ಬಗೆಯ ಮಾತೂ ಹೀಗೆಯೇ. "ನಮಗೆ ಇನ್ನು ಸಾಯುವುದೊಂದೇ ದಾರಿ" ಎಂದು ಬೇಸರದಲ್ಲಿ ಬರೆಯುವವರು ಎಷ್ಟೋ ಜನ. ಅದು ಸುರಕ್ಷತೆಯ ತಂಡಕ್ಕೆ ಹೋಗುತ್ತದೆ. ಹೋಗಲೇಬೇಕು, ಅದನ್ನು ಮಾತಿಗೆ ಹೇಳಿದ್ದು ಎಂದು ತಳ್ಳಿಹಾಕಲು ಯಾರಿಗೂ ಧೈರ್ಯ ಬರಬಾರದು. ಆದರೆ ಆ ತಂಡ ನೋಡುವುದು ಮನುಷ್ಯನನ್ನು. ವಸ್ತುವಿನ ಅಪೀಲ್ ಅಲ್ಲಿ ನಿಂತುಬಿಡುತ್ತದೆ.

ಭಾಷೆಯ ವಿಷಯ ನಮ್ಮ ಜಿಲ್ಲೆಯವರಿಗೆ ಜಾಸ್ತಿ ತಟ್ಟುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಯಂತ್ರ ಅದನ್ನು ಯಾವ ಭಾಷೆ ಎಂದು ಬೇಕಾದರೂ ತಿಳಿಯಬಹುದು. ಕನ್ನಡ ಬಾರದವರ ಕ್ಯೂಗೆ ಹೋಗಿ, ಅಲ್ಲಿಂದ ಅನುವಾದದ ಯಂತ್ರಕ್ಕೆ ಹೋಗಿ, ಏನೇನೋ ಆಗಿ ಕಾಣುತ್ತದೆ. ಕಾರವಾರದ ಕಡೆಯಿಂದ ಒಣಮೀನು ಮಾರುವವರ ಅಪೀಲ್‌ಗಳು ಬರುತ್ತಿದ್ದವು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದಿರುತ್ತಿದ್ದರು. ಲಿಪಿ ನೋಡಿ ಕನ್ನಡ ಕ್ಯೂಗೆ ಹಾಕುತ್ತಿತ್ತು. ನನಗೆ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಮೈಸೂರಿನ ಗೆಳೆಯನಿಗೆ ಅರ್ಥವಾಗುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದ. ನಾನು ರಜೆಯಲ್ಲಿದ್ದ ದಿನ ಏನಾಗುತ್ತಿತ್ತೋ ಎಂಬ ಕೊರಗು ನನಗೆ ಈಗಲೂ ಇದೆ.

ಇನ್ನು ಮನುಷ್ಯರ ಕ್ಯೂ. ನನ್ನ ಸ್ಕ್ರೀನ್‌ನ ಎಡಕ್ಕೆ ವಸ್ತು, ಬಲಕ್ಕೆ ನಿಯಮ ಮತ್ತು ಯಂತ್ರ ಹಾಕಿದ ಕಾರಣ. ಕೆಳಗೆ ಅಪೀಲಿನ ಮೊದಲ ಎರಡು ಸಾಲು. ಉಳಿದದ್ದು ಓದಬೇಕೆಂದರೆ ಒತ್ತಿ ಬಿಡಿಸಬೇಕು. ಒಂದು ಕೇಸಿಗೆ ನಮಗೆ ಸಿಗುತ್ತಿದ್ದದ್ದು ಸುಮಾರು ಒಂದೂವರೆ ನಿಮಿಷ. ತೀರ್ಪು ತಿರುಗಿಸಿದರೆ ಯಾಕೆ ಎಂದು ಒಂದು ಸಾಲು ಬರೆಯಬೇಕಿತ್ತು. ಅಂಥ ಕೇಸುಗಳಲ್ಲಿ ಕೆಲವನ್ನು ವಾರಕ್ಕೊಮ್ಮೆ ಬೇರೆಯವರು ಪರೀಕ್ಷಿಸುತ್ತಿದ್ದರು. ತಪ್ಪಾಗಿ ವಾಪಸ್ ಹಾಕಿದ್ದರೆ ನಮ್ಮ ಲೆಕ್ಕಕ್ಕೆ ಬೀಳುತ್ತಿತ್ತು. ಹಾಗಾಗಿ ಅಪೀಲ್ ಓದುವಾಗ ನಾನು ಹುಡುಕುತ್ತಿದ್ದದ್ದು ಒಂದೇ: ಆ ಕಾರಣದ ಸಾಲಿಗೆ ಬರೆಯಲು ನನಗೇನು ಸಿಗುತ್ತದೆ? "ನಾವು ಏನೂ ತಪ್ಪು ಮಾಡಿಲ್ಲ" ಎಂದರೆ ನಂಬಿಕೆ ಬರಬಹುದು, ಬರೆಯಲು ಏನೂ ಸಿಗುವುದಿಲ್ಲ. "ಎರಡನೇ ಫೋಟೊ ನೋಡಿ, ಇದು ಒಣಗಿಸಿದ ಇಡೀ ಸಿಪ್ಪೆ, ಮಾತ್ರೆಯೂ ಅಲ್ಲ ಪುಡಿಯೂ ಅಲ್ಲ" ಎಂದರೆ ನಾನು ಆ ಫೋಟೊ ನೋಡಿ ಅದನ್ನೇ ಬರೆಯಬಹುದು.

ಹೀಗೆ ಯಂತ್ರ ಜಾಸ್ತಿ ತೆಗೆದದ್ದನ್ನು ಅಪೀಲ್ ಸರಿಮಾಡುತ್ತದೆ ಎನ್ನಲು ದೊಡ್ಡ ಉದಾಹರಣೆಯೇ ಇದೆ. 2020ರ ಲಾಕ್‌ಡೌನ್‌ನಲ್ಲಿ ಯೂಟ್ಯೂಬ್ ಪರಿಶೀಲಕರನ್ನು ಮನೆಗೆ ಕಳಿಸಿ ಯಂತ್ರವನ್ನು ಹೆಚ್ಚು ನೆಚ್ಚಿಕೊಂಡಿತು. ಏಪ್ರಿಲ್‌ನಿಂದ ಜೂನ್‌ವರೆಗೆ 1.1 ಕೋಟಿಗೂ ಹೆಚ್ಚು ವಿಡಿಯೊ ತೆಗೆಯಿತು. ಅಪೀಲ್ ಆದವುಗಳಲ್ಲಿ ವಾಪಸ್ ಬರುವ ಪಾಲು ನೂರಕ್ಕೆ 25ರ ಆಸುಪಾಸಿನಿಂದ 50ರ ಹತ್ತಿರಕ್ಕೆ ಏರಿತು. ಅದೇ ವರ್ಷ ಮನುಷ್ಯರನ್ನು ಮತ್ತೆ ಹೆಚ್ಚು ಬಳಸಲು ಶುರುಮಾಡಿದರು.

ನಮ್ಮ ಉಪ್ಪಾಗೆಗೆ ಬರುತ್ತೇನೆ. ಮೂರನೇ ಅಪೀಲ್ ಬರೆಯುವ ಮೊದಲು ನಾನು ಅಂಗಡಿ ಪುಟವನ್ನು ಪೂರ್ತಿ ನೋಡಿದೆ. ವಿವರದಿಂದ ಆ ಸಸ್ಯದ ಹೆಸರನ್ನು ಅಷ್ಟರಲ್ಲಿ ತೆಗೆದಿದ್ದರು. "ತೂಕದ ಬಗ್ಗೆ ನಾವು ಎಲ್ಲೂ ಹೇಳೇ ಇಲ್ಲೆ" ಎಂದು ಅಕ್ಕ ಗಟ್ಟಿಯಾಗಿ ಹೇಳಿದರು. ಮೂರನೇ ಫೋಟೊವನ್ನು ದೊಡ್ಡದು ಮಾಡಿದೆ. ಪ್ಯಾಕೆಟ್ಟಿನ ಹಿಂಬದಿಯ ಹಸಿರು ಸ್ಟಿಕರ್. ಕೆಳಗಿನ ಮೂಲೆಯಲ್ಲಿ, ಬ್ಯಾಚ್ ನಂಬರಿನ ಮೇಲೆ, ಇಂಗ್ಲಿಷಿನಲ್ಲಿ ಒಂದು ಸಾಲು: ತೂಕ ಇಳಿಸಲು ಒಳ್ಳೆಯದು. ಸ್ಟಿಕರ್ ಪ್ರಿಂಟ್ ಮಾಡಿದವರು ಬೇರೆಲ್ಲೋ ನೋಡಿ ಸೇರಿಸಿದ್ದರು. ಸಂಘದವರು ಓದಿರಲಿಲ್ಲ. ಯಂತ್ರ ಓದಿತ್ತು.

ಅಂದರೆ ಯಂತ್ರ ಪೂರ್ತಿ ತಪ್ಪಾಗಿರಲಿಲ್ಲ. ಈ ಸಾಲನ್ನು ಹಾಗೇ ಇಟ್ಟುಕೊಂಡು ಮನುಷ್ಯರ ಕೈಗೆ ಸಿಕ್ಕಿದ್ದರೂ ನಾವು ಸೋಲುತ್ತಿದ್ದೆವು. ಜೊತೆಗೆ "ಎಲ್ಲೂ ಹೇಳಿಲ್ಲ" ಎಂಬ ಮಾತು ಸುಳ್ಳಾಗಿ ಕಾಣುತ್ತಿತ್ತು. ಮೊದಲು ಸ್ಟಿಕರ್ ಬದಲಾಯಿಸಿದೆವು. ಹೊಸ ಪ್ಯಾಕೆಟ್ಟಿನ ಫೋಟೊ ಹಾಕಿದೆವು. ಜೊತೆಗೆ ಬಟ್ಟಲಿನಲ್ಲಿ ನೆನೆಸಿಟ್ಟ ಸಿಪ್ಪೆಯ ಫೋಟೊ ಒಂದು. ಆ ಆ್ಯಪ್‌ನಲ್ಲಿ ತಿದ್ದಿದ ಮೇಲೂ ಅಪೀಲ್ ಹಾಕಲು ಬರುತ್ತದೆ. ಕೆಲವು ಕಡೆ ತಿದ್ದಿದರೆ ಹಳೇ ಅಪೀಲ್ ರದ್ದಾಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಪಟ್ಟಿಯಲ್ಲಿ "ಇತರೆ" ಬಿಟ್ಟು "ನನ್ನ ವಸ್ತು ಈ ವರ್ಗಕ್ಕೆ ಸೇರುವುದಿಲ್ಲ" ಎಂಬುದನ್ನು ಆರಿಸಿದೆ. ಕನ್ನಡ ಲಿಪಿಯಲ್ಲಿ ಹೀಗೆ ಬರೆದೆ:

"ಇದು ಅಡುಗೆಯಲ್ಲಿ ಹುಣಸೆ ಬದಲು ಬಳಸುವ ಒಣಗಿಸಿದ ಹಣ್ಣಿನ ಸಿಪ್ಪೆ. ಮಾತ್ರೆ, ಪುಡಿ, ಸಾರ ಯಾವುದೂ ಅಲ್ಲ, ಫೋಟೊ 2 ಮತ್ತು 4 ನೋಡಿ. ಹಳೆಯ ಪ್ಯಾಕೆಟ್ಟಿನ ಸ್ಟಿಕರಿನಲ್ಲಿ ತೂಕದ ಬಗ್ಗೆ ಒಂದು ಸಾಲು ಇತ್ತು, ಅದು ನಮ್ಮ ತಪ್ಪು, ತೆಗೆದಿದ್ದೇವೆ, ಫೋಟೊ 3 ಹೊಸದು. ದಯವಿಟ್ಟು ಆಹಾರ ವರ್ಗದಲ್ಲಿ ಪರಿಶೀಲಿಸಿ."

ನಾಲ್ಕೇ ವಾಕ್ಯ. ತಪ್ಪನ್ನು ನಾವೇ ಒಪ್ಪಿಕೊಳ್ಳುವುದು ಅಕ್ಕನಿಗೆ ಇಷ್ಟವಿರಲಿಲ್ಲ. ಆದರೆ ಓದುವವರು ಹಳೆಯ ಫೋಟೊವನ್ನೂ ನೋಡುತ್ತಾರೆ. ನಾವು ಹೇಳದಿದ್ದರೆ ಅವರೇ ಕಂಡುಹಿಡಿದ ಹಾಗಾಗುತ್ತದೆ.

ಇದೂ ಆಗದಿದ್ದರೆ ಎಂದು ಇನ್ನೊಂದು ದಾರಿ ಇಟ್ಟುಕೊಂಡಿದ್ದೆ. 2021ರ ಐಟಿ ನಿಯಮದ ಪ್ರಕಾರ ಇಂಥ ಕಂಪನಿಗೆ ದೂರು ಅಧಿಕಾರಿ ಇರಬೇಕು. ನಾವು ಬರೆಯುವ ಹೊತ್ತಿಗಿದ್ದ ಗಡುವು, 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ. ಅಲ್ಲೂ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ `gac.gov.in` ಮೂಲಕ ಹೋಗಬಹುದು. ಅದಕ್ಕೆಂದೇ ಟಿಕೆಟ್ ನಂಬರ್, ಬಂದ ಉತ್ತರಗಳ ಸ್ಕ್ರೀನ್‌ಶಾಟ್, ಗಂಟೆ ಸಮೇತ ಎತ್ತಿಟ್ಟಿದ್ದೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಹತ್ತೂವರೆಗೆ ಉತ್ತರ ಬಂತು. ಈ ಸಲ ವಸ್ತುವಿನ ಹೆಸರಿತ್ತು. "ಒಣಗಿದ ಹಣ್ಣಿನ ಸಿಪ್ಪೆ, ಆಹಾರ ವರ್ಗಕ್ಕೆ ಬದಲಾಯಿಸಲಾಗಿದೆ" ಎಂದಿತ್ತು. ಅಕ್ಕನಿಗೆ ಫೋನಲ್ಲಿ ಓದಿ ಹೇಳಿದೆ. "ಹಂಗಾರೆ ಓದವ್ರು ಇದ್ದ" ಎಂದರು. ಅದೇ ಸಂಜೆ ಅರ್ಧ ಕಿಲೋ ಪ್ಯಾಕೆಟ್ಟಿನ ಪುಟ ತೆಗೆದು ನೋಡಿದೆ. ಅಲ್ಲಿ ಹಳೆಯ ಹಸಿರು ಸ್ಟಿಕರ್ ಇನ್ನೂ ಇತ್ತು. ಆ ಫೋಟೊ ತೆಗೆದು ಹೊಸದು ಹಾಕಿಯೇ ಕಂಪ್ಯೂಟರ್ ಮುಚ್ಚಿದೆ.