'ನೋಡ್ಕೋತಿದ್ದೆ' ಅಂದರೆ ಏನು ಮಾಡ್ತಿದ್ದೆ?

ಕೆನಡಾದ ಮಿಸ್ಸಿಸಾಗಾದಲ್ಲಿ ನಮ್ಮ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದಿರುವ ತುಮಕೂರಿನ ಹುಡುಗ ಹೋದ ತಿಂಗಳು ತನ್ನ ರೆಸ್ಯೂಮೆ ಹಿಡಿದುಕೊಂಡು ಮೇಲೆ ಬಂದ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಆರು ವರ್ಷ ದುಡಿದವನು. ಇಲ್ಲಿ ಅದೇ ಕೆಲಸಕ್ಕೆ ಮೂವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದ, ಒಂದು ಕರೆಯೂ ಬಂದಿರಲಿಲ್ಲ. ನಾನು ಇಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸ್ಟೋರ್ಸ್ ಕೆಲಸಕ್ಕೆ ಬರುವ ಅರ್ಜಿಗಳನ್ನು ಮೊದಲು ಓದುವವಳು ನಾನೇ. ಹಾಗಾಗಿ ಅವನ ಹಾಳೆ ನೋಡಿದ ಕೂಡಲೇ ತೊಡಕು ಎಲ್ಲಿದೆ ಅಂತ ಗೊತ್ತಾಯಿತು.

ಮೊದಲ ಸಾಲು: 'ರೆಸ್ಪಾನ್ಸಿಬಲ್ ಫಾರ್ ಸ್ಟೋರ್ಸ್ ಆ್ಯಂಡ್ ಇನ್ವೆಂಟರಿ.' ಎರಡನೆಯದು, ಕಾರ್ಖಾನೆಯ ಸ್ಟಾಕು, ಖರೀದಿಗಳ ಲೆಕ್ಕ ಇಡುವ ಇಆರ್‌ಪಿ ಸಾಫ್ಟ್‌ವೇರ್ ಬಗ್ಗೆ: 'ಹೆಲ್ಪ್ಡ್ ವಿತ್ ಇಆರ್‌ಪಿ ಇಂಪ್ಲಿಮೆಂಟೇಷನ್.'

ನಮ್ಮವರ ಅರ್ಜಿಗಳಲ್ಲಿ ಈ ಎರಡು ಮಾತು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. 'ರೆಸ್ಪಾನ್ಸಿಬಲ್ ಫಾರ್' ಅಂದರೆ ಆ ಕೆಲಸ ನಿಮ್ಮ ಪಾಲಿಗೆ ಇತ್ತು ಅಂತ ಅಷ್ಟೇ. ನೀವು ಅದನ್ನು ಮಾಡಿದಿರೋ, ಹೇಗೆ ಮಾಡಿದಿರೋ ಅದರಲ್ಲಿ ಇಲ್ಲ. 'ಹೆಲ್ಪ್ಡ್ ವಿತ್' ಇನ್ನೂ ಮಸುಕು. ಹತ್ತು ಜನರ ಕೆಲಸದಲ್ಲಿ ನಿಮ್ಮ ಕೈ ಎಲ್ಲಿತ್ತು ಅನ್ನೋದನ್ನೇ ಅದು ಮುಚ್ಚಿಬಿಡುತ್ತದೆ.

ಈ ಅಭ್ಯಾಸ ನಮಗೆ ಎಲ್ಲಿಂದ ಬಂತು ಅಂತ ಅವತ್ತೇ ಹೊಳೆಯಿತು. "ಸ್ಟೋರ್ಸ್‌ನಲ್ಲಿ ಏನು ಮಾಡ್ತಿದ್ದೆ?" ಅಂತ ಕೇಳಿದೆ. "ಸ್ಟೋರ್ಸ್ ಪೂರ್ತಿ ನಾನೇ ನೋಡ್ಕೋತಿದ್ದೆ ಅಕ್ಕಾ" ಅಂದ. ನೋಡ್ಕೋತಿದ್ದೆ! ಮಗುವನ್ನೂ ನೋಡ್ಕೋತೀವಿ, ತೋಟವನ್ನೂ ನೋಡ್ಕೋತೀವಿ, ಅಂಗಡಿಯನ್ನೂ ನೋಡ್ಕೋತೀವಿ. ಊರಲ್ಲಿ ಕೇಳುವವರಿಗೆ ಆ ಕೆಲಸ ಎಂಥದ್ದು ಅಂತ ಮೊದಲೇ ಗೊತ್ತಿರುವುದರಿಂದ ಅಷ್ಟು ಹೇಳಿದರೆ ಸಾಕು. ಪೀಣ್ಯದ ಸ್ಟೋರ್ಸ್ ಕಂಡೇ ಇರದ ಮ್ಯಾನೇಜರಿಗೆ ಅದು ಸಾಲದು.

ಹಾಗಾಗಿ ಇಂಗ್ಲಿಷ್ ಕ್ರಿಯಾಪದಗಳ ಪಟ್ಟಿ ಹುಡುಕಲು ನಾನು ಬಿಡಲಿಲ್ಲ. "ಬೆಳಿಗ್ಗೆ ಲಾರಿ ಬಂತು ಅಂದ್ಕೋ. ಆಮೇಲೆ ನೀನು ಏನೇನು ಮಾಡ್ತಿದ್ದೆ, ಕನ್ನಡದಲ್ಲೇ ಹೇಳು" ಅಂದೆ.

ಆಗ ಮಾತು ಬಂತು ನೋಡಿ. "ಡೆಲಿವರಿ ಚಲನ್ ಇಸ್ಕೊಂಡು ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡ್ತಿದ್ದೆ. ಬಾಕ್ಸ್ ಎಣಿಸ್ತಿದ್ದೆ. ಬೋಲ್ಟು, ಬುಷ್ಷು ಮೂಟೆಗಟ್ಟಲೆ ಬಂದ್ರೆ ಎಣಿಸೋಕಾಗಲ್ಲ, ನೂರು ಪೀಸ್ ತಕ್ಕಡೀಲಿ ಹಾಕಿ ತೂಕ ನೋಡಿ, ಆಮೇಲೆ ಇಡೀ ಮೂಟೆ ತೂಗಿ ಲೆಕ್ಕ ಹಾಕ್ತಿದ್ದೆ. ಕಮ್ಮಿ ಇದ್ರೆ ಚಲನ್ ಮೇಲೇ ಬರೆದು ಡ್ರೈವರ್ ಹತ್ರ ಸೈನ್ ಹಾಕಿಸ್ಕೋತಿದ್ದೆ."

ತಾಳೆ ನೋಡು, ಎಣಿಸು, ತೂಗು, ಬರೆದುಕೊಳ್ಳು. ನಾಲ್ಕೂ ಕೈಯಿಂದ ಮಾಡಿದ ಕೆಲಸ, ನಾಲ್ಕಕ್ಕೂ ಇಂಗ್ಲಿಷಿನಲ್ಲಿ ನೇರ ಪದ ಇದೆ: ಮ್ಯಾಚ್ಡ್, ಕೌಂಟೆಡ್, ವೇಯ್ಡ್, ರೆಕಾರ್ಡೆಡ್. ಮೊದಲ ಸಾಲು ಹೀಗಾಯಿತು: 'ಮ್ಯಾಚ್ಡ್ ಇನ್‌ಕಮಿಂಗ್ ಪಾರ್ಟ್ಸ್ ಟು ಪರ್ಚೇಸ್ ಆರ್ಡರ್ಸ್, ಕೌಂಟೆಡ್ ಸ್ಮಾಲ್ ಪಾರ್ಟ್ಸ್ ಬೈ ವೇಯ್ಟ್, ಆ್ಯಂಡ್ ರೆಕಾರ್ಡೆಡ್ ಶಾರ್ಟೇಜಸ್ ಬಿಫೋರ್ ದಿ ಟ್ರಕ್ ಲೆಫ್ಟ್.' ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಆದರೆ ಗೋದಾಮಿನ ಕೆಲಸ ಬಲ್ಲ ಯಾರೇ ಓದಲಿ, ಇವನು ಲಾರಿ ಮುಂದೆ ನಿಂತು ಕೆಲಸ ಮಾಡಿದವನು ಅಂತ ಅರ್ಥವಾಗುತ್ತದೆ.

ಅಲ್ಲಿಗೆ ಅವನಿಗೂ ಹುರುಪು ಬಂತು. ಕೆಟ್ಟ ಮಾಲು ಬಂದಾಗಿನ ಸಾಲಿಗೆ ತಾನೇ 'ರಿಜೆಕ್ಟೆಡ್' ಅಂತ ಬರೆದ. ನಾನು ತಡೆದೆ. "ರಿಜೆಕ್ಟ್ ಮಾಡ್ತಿದ್ದವರು ಯಾರು?" ಯೋಚಿಸಿ "ಕ್ಯೂಸಿಯವರು" ಅಂದ, ಅಂದರೆ ಗುಣಮಟ್ಟ ಪರೀಕ್ಷಿಸುವವರು. ಇವನು ತುಕ್ಕು ಹಿಡಿದದ್ದು, ಪೆಟ್ಟು ಬಿದ್ದದ್ದು ಕಂಡರೆ ಕೆಂಪು ಟ್ಯಾಗ್ ಕಟ್ಟಿ ಬೇರೆ ಇಡುತ್ತಿದ್ದ, ತೀರ್ಮಾನ ಅವರದು. ಆಗ ಸರಿಯಾದ ಪದ 'ಟ್ಯಾಗ್ಡ್'. ರಿಜೆಕ್ಟೆಡ್ ಗಟ್ಟಿ ಪದವೇ, ಆದರೆ ಬೇರೆಯವರ ಪದ. ಬಲವಾದ ಕ್ರಿಯಾಪದ ಹುಡುಕುವಾಗ ಎಡವುವುದು ಇಲ್ಲೇ.

ನಾನೂ ಎಡವಿದ್ದೇನೆ. ಬಂದ ಮೊದಲ ವರ್ಷ ನನ್ನ ರೆಸ್ಯೂಮೆಯಲ್ಲಿ 'ಲೆಡ್ ಎ ಟೀಮ್ ಆಫ್ ಏಯ್ಟ್' ಅಂತ ಬರೆದಿದ್ದೆ. ನಿಜ ಏನೆಂದರೆ ಎಂಟು ಜನ ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದೆವು, ನಾನು ಹಳಬಳು, ಅಷ್ಟೇ. ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳುತ್ತಿದ್ದಾಕೆ ಬಲು ಸೌಮ್ಯವಾಗಿ, ಆ ಎಂಟು ಜನರ ರಜೆ ಮಂಜೂರು ಮಾಡುತ್ತಿದ್ದವರು ಯಾರು, ವರ್ಷದ ಕೊನೆಗೆ ಅವರ ಕೆಲಸದ ಬಗ್ಗೆ ವರದಿ ಬರೆಯುತ್ತಿದ್ದವರು ಯಾರು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಇಂಟರ್‌ವ್ಯೂನಲ್ಲಿ ರೆಸ್ಯೂಮೆಯ ಸಾಲನ್ನೇ ಹಿಡಿದು 'ಒಂದು ಸಂದರ್ಭ ಹೇಳಿ' ಅನ್ನುವುದು ಮಾಮೂಲು. ಕ್ರಿಯಾಪದದ ಹಿಂದೆ ಹೇಳಲು ಒಂದು ಘಟನೆ ಇಲ್ಲದಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಹುಡುಗನ ಎರಡನೇ ಸಾಲಿಗೆ, ಅದೇ ಸಾಫ್ಟ್‌ವೇರ್ ಸಾಲಿಗೆ, ಅವನ ಗೆಳೆಯ ಒಬ್ಬ ಇಂಟರ್ನೆಟ್ಟಿನಿಂದ ತೆಗೆದು 'ಸ್ಪಿಯರ್‌ಹೆಡೆಡ್' ಅಂತ ಹಾಕಿಕೊಟ್ಟಿದ್ದನಂತೆ. ಈಟಿಯ ಮೊನೆಯ ಹಾಗೆ ಮುಂದೆ ನಿಂತು ನಡೆಸಿದೆ ಅಂತ ಅದರ ಅರ್ಥ. ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಹಾಕಿದವರು ಸಾಫ್ಟ್‌ವೇರ್ ಕಂಪನಿಯವರು, ಹಾಗಾಗಿ 'ಇಂಪ್ಲಿಮೆಂಟೆಡ್' ಕೂಡ ಇವನದಲ್ಲ. ಮತ್ತೆ ಇವನು ಮಾಡಿದ್ದೇನು? ರ‍್ಯಾಕ್‌ಗಳಲ್ಲಿ ಸ್ಟಾಕಿನ ಲೆಕ್ಕ ಬರೆದು ತೂಗುಹಾಕಿದ್ದ ಬಿನ್ ಕಾರ್ಡುಗಳಿಂದ ಸುಮಾರು 1,400 ಐಟಂಗಳನ್ನು ಎಕ್ಸೆಲ್ಲಿಗೆ ಏರಿಸಿದ್ದ. ಒಂದೇ ಬುಷ್ಷಿಗೆ ಮೂರು ಹೆಸರು ಇರುತ್ತಿದ್ದವು, ಕ್ಯಾಲಿಪರ್ ಹಿಡಿದು ಅಳೆದು, ಒಂದೇ ಅಂತ ಖಾತ್ರಿಯಾದ ಮೇಲೆ ಒಂದು ಕೋಡಿಗೆ ಸೇರಿಸಿದ್ದ. ಇಬ್ಬರು ಹೆಲ್ಪರ್‌ಗಳಿಗೆ ಇಶ್ಯೂ ಸ್ಲಿಪ್ಪನ್ನು ಕಂಪ್ಯೂಟರಿಗೆ ಹಾಕುವುದು ಕಲಿಸಿದ್ದ. ಇಷ್ಟೆಲ್ಲ 'ಹೆಲ್ಪ್ಡ್ ವಿತ್' ಅನ್ನೋ ಎರಡು ಪದದ ಕೆಳಗೆ ಹೂತುಹೋಗಿತ್ತು ಅಂತ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 'ಎಂಟರ್ಡ್', 'ಮರ್ಜ್ಡ್', 'ಟ್ರೇನ್ಡ್' ಅಂತ ಮೂರು ಪದ ಬಂದವು, ಮೂರೂ ಅವನವೇ.

ಒಂದು ಮಾತು. 'ಅಸಿಸ್ಟೆಡ್' ಅನ್ನೋ ಪದವನ್ನು ಕಂಡಲ್ಲೆಲ್ಲ ಕಿತ್ತುಹಾಕಬೇಕಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ನಿಗೆ ನೆರವಾಗುವ ನರ್ಸಿಗೆ ಅದೇ ಸರಿಯಾದ ಪದ, ಅಲ್ಲಿ ನೆರವಾಗುವುದೇ ಒಂದು ಹುದ್ದೆಯ ಕೆಲಸ. ನೆರವಾದದ್ದು ಯಾವುದಕ್ಕೆ ಅಂತ ಅದೇ ಸಾಲಿನಲ್ಲಿ ಇದ್ದರೆ ಆಯಿತು.

ಇಲ್ಲಿನವರು ಯಾವ ಪದ ಬಳಸುತ್ತಾರೆ ಅಂತ ತಿಳಿಯಲು ಕೆನಡಾ ಸರ್ಕಾರದ ಉದ್ಯೋಗ ವರ್ಗೀಕರಣ ಒಳ್ಳೆಯದು. 2021ರ ಆವೃತ್ತಿಯಲ್ಲಿ ಸ್ಟೋರ್‌ಕೀಪರ್ ಕೆಲಸದ ಸಂಖ್ಯೆ 14401. ಅಲ್ಲಿ ಕೆಲಸಗಳೆಲ್ಲ ಕ್ರಿಯಾಪದದಿಂದಲೇ ಶುರುವಾಗುತ್ತವೆ. ನಮ್ಮಲ್ಲಿ 'ಇನ್‌ವರ್ಡ್ ಮಾಡ್ತಿದ್ದೆ' ಅನ್ನೋದಕ್ಕೆ ಇಲ್ಲಿ 'ರಿಸೀವ್ಡ್' ಅಂತಾರೆ. ಆದರೆ ಆ ಸಾಲುಗಳನ್ನು ಹಾಗೇ ಎತ್ತಿಕೊಂಡು ಹಾಕಿದ ಅರ್ಜಿಗಳು ವಾರಕ್ಕೆರಡಾದರೂ ನನ್ನ ಮೇಜಿಗೆ ಬರುತ್ತವೆ. ಎಲ್ಲವೂ ಒಬ್ಬರೇ ಬರೆದ ಹಾಗಿರುತ್ತವೆ.

ಕೊನೆಗೆ ಒಂದು ಸಾಲು ಉಳಿದಿತ್ತು. ವರ್ಷಕ್ಕೊಮ್ಮೆ ಎಣಿಸುವ ಬದಲು ಪ್ರತಿ ಸೋಮವಾರ ನಲವತ್ತು ಐಟಂ ಎಣಿಸುವುದನ್ನು ಶುರು ಮಾಡಿದವನು ಇವನೇ. ಮೊದಲು ವರ್ಷಾಂತ್ಯದ ಲೆಕ್ಕದಲ್ಲಿ ಅರವತ್ತರಷ್ಟು ಐಟಂ ತಾಳೆಯಾಗುತ್ತಿರಲಿಲ್ಲ, ಮರುವರ್ಷ ಹನ್ನೊಂದಕ್ಕೆ ಇಳಿಯಿತು ಅಂತ ಅವನ ನೆನಪು. 'ಸ್ಟಾರ್ಟೆಡ್ ಎ ವೀಕ್ಲಿ ಕೌಂಟ್' ಅಂತ ಬರೆದು ಎರಡೂ ಅಂಕಿ ಹಾಕಿದೆವು. ಅವನು ಕೆಳಗೆ ಹೋದ.

ರಾತ್ರಿ ಹನ್ನೊಂದೂವರೆಗೆ ಬಾಗಿಲು ತಟ್ಟಿದ. ಅಲ್ಲಿ ಬೆಳಗಾಗಿತ್ತು, ಹಳೇ ಸೂಪರ್‌ವೈಸರ್‌ಗೆ ಫೋನ್ ಮಾಡಿದ್ದನಂತೆ. "ಅಕ್ಕಾ, ಮಲಗಿದ್ರಾ? ಅದು ಹನ್ನೊಂದಲ್ವಂತೆ, ಹದಿನಾಲ್ಕು. ತಿದ್ದಿದೀನಿ, ಒಂದ್ಸಲ ನೋಡ್ತೀರಾ?"