ಆಮ್ಲ ಯಾವುದಾದರೇನು ಎಂದುಕೊಂಡು ಮಾಡಿದ ಟೈಟ್ರೇಷನ್

ಉಕ್ಕಿನ ಮೇಲಿನ ತುಕ್ಕನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ತೆಗೆಯುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಆಮ್ಲದ ತೊಟ್ಟಿಯಲ್ಲಿ ಕರಗಿ ಸೇರಿಕೊಂಡ ಕಬ್ಬಿಣ ಒಂದು ಮಿತಿ ದಾಟಿದರೆ ಆಮ್ಲದ ಕೆಲಸ ನಿಧಾನವಾಗುತ್ತದೆ, ಆದ್ದರಿಂದ ಲೀಟರಿಗೆ ಎಷ್ಟು ಗ್ರಾಂ ಫೆರಸ್ ಕಬ್ಬಿಣವಿದೆ ಎಂದು ಆಗಾಗ ಅಳೆದು ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ಕಾಲೇಜಿನಲ್ಲಿ ಕೈ ಪಳಗಿದ್ದದ್ದು ಪರ್ಮಾಂಗನೇಟ್ ಟೈಟ್ರೇಷನ್‌ನಲ್ಲಿ, ಹಾಗಾಗಿ ಬೇರೇನನ್ನೂ ಯೋಚಿಸದೆ ಅದನ್ನೇ ಹಿಡಿದೆ. ಪರ್ಮಾಂಗನೇಟಿಗೆ ಬೇರೆ ಸೂಚಕವೇ ಬೇಕಿಲ್ಲ. ಫೆರಸ್ ಮುಗಿದ ಮೇಲೆ ಬೀಳುವ ಒಂದೇ ಹನಿ ಇಡೀ ಫ್ಲಾಸ್ಕಿಗೆ ತಿಳಿ ಗುಲಾಬಿ ಬಣ್ಣ ಕೊಡುತ್ತದೆ, ಆ ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಅಂತ್ಯಬಿಂದು.

ತೊಟ್ಟಿಯ ದ್ರಾವಣದಿಂದ 10 ಮಿಲಿಲೀಟರ್ ತೆಗೆದು ನೀರು ಬೆರೆಸಿ 250 ಮಿಲಿಲೀಟರಿಗೆ ಹಿಗ್ಗಿಸಿ, ಅದರಿಂದ 25 ಮಿಲಿಲೀಟರ್ ಪಿಪೆಟ್ ಮಾಡಿಕೊಂಡೆ. ಈ ಕ್ರಿಯೆಗೆ ಧಾರಾಳ ಆಮ್ಲ ಬೇಕು. ಸಾಲದಿದ್ದರೆ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಕಾಣಿಸಿಕೊಂಡು ಲೆಕ್ಕವೇ ಕೆಡುತ್ತದೆ. ಪುಸ್ತಕಗಳು ಸಲ್ಫ್ಯೂರಿಕ್ ಆಮ್ಲ ಎನ್ನುತ್ತವೆ. ಮಾದರಿಯೇ ಹೈಡ್ರೋಕ್ಲೋರಿಕ್ ಆಮ್ಲದ್ದಾಗಿರುವಾಗ ಇನ್ನಷ್ಟು ಅದನ್ನೇ ಸೇರಿಸಿದರೆ ಏನಾದೀತು ಎಂದುಕೊಂಡು, ಕೈಗೆ ಸಿಕ್ಕ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲವನ್ನು 10 ಮಿಲಿಲೀಟರ್ ಸುರಿದೆ. ಮೂರು ಸಲ ಮಾಡಿದಾಗ ಬ್ಯೂರೆಟ್ ತೋರಿಸಿದ್ದು 18.65, 18.85 ಮತ್ತು 19.05 ಮಿಲಿಲೀಟರ್. ಗುಲಾಬಿ ಬಣ್ಣ ಬರುತ್ತಿತ್ತು, ಹತ್ತು ಹದಿನೈದು ಸೆಕೆಂಡಿನಲ್ಲಿ ಮಾಸುತ್ತಿತ್ತು, ಇನ್ನೊಂದು ಹನಿ ಬೇಡುತ್ತಿತ್ತು. ಫ್ಲಾಸ್ಕಿನ ಬಾಯಿಯ ಹತ್ತಿರ ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ತಾಗಿದ್ದನ್ನು ನಾನು ಗಮನಿಸಿದೆನೇ ಹೊರತು ಅದಕ್ಕೆ ಅರ್ಥ ಹಚ್ಚಲಿಲ್ಲ.

ಅನುಮಾನ ಬಂದದ್ದು ನಿಜ. ಕ್ಲೋರೈಡೇ ಪರ್ಮಾಂಗನೇಟನ್ನು ತಿನ್ನುತ್ತಿರಬಹುದೇ ಎಂದು ನೋಡಲು, ಮಾದರಿ ಬಿಟ್ಟು ಉಳಿದೆಲ್ಲವನ್ನೂ ಹಾಕಿ ಬ್ಲ್ಯಾಂಕ್ ಮಾಡಿದೆ. ಮೊದಲ ಹನಿಗೇ ಗುಲಾಬಿ ಬಣ್ಣ ಬಂದು ನಿಂತುಬಿಟ್ಟಿತು. ಕ್ಲೋರೈಡ್ ನಿರಪರಾಧಿ ಎಂದು ನಾನು ತೀರ್ಪು ಕೊಟ್ಟೆ, ನಿಜವಾಗಿ ದಾರಿ ತಪ್ಪಿದ್ದು ಇಲ್ಲಿಯೇ.

ನನ್ನ ಹಿರಿಯ ಸಹೋದ್ಯೋಗಿ ಆ ಮೂರು ಅಂಕಿಗಳನ್ನು ನೋಡಿ, "ಬ್ಲ್ಯಾಂಕಿನಲ್ಲಿ ಕಬ್ಬಿಣ ಇರಲಿಲ್ಲವಲ್ಲ, ಮತ್ತೆ ಅದು ಏನನ್ನು ಹೇಳೀತು?" ಎಂದು ಕೇಳಿದರು. ತಣ್ಣಗಿನ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಪರ್ಮಾಂಗನೇಟ್ ತಾನಾಗಿ ಉತ್ಕರ್ಷಿಸುವುದು ಬಹಳ ನಿಧಾನ. ಆದರೆ ಅದು ಫೆರಸ್ ಜೊತೆ ವರ್ತಿಸುತ್ತಿರುವಾಗ ಮ್ಯಾಂಗನೀಸ್ +7 ಸ್ಥಿತಿಯಿಂದ +2ಕ್ಕೆ ಒಂದೇ ನೆಗೆತದಲ್ಲಿ ಇಳಿಯುವುದಿಲ್ಲ; ನಡುವಿನ ಸ್ಥಿತಿಗಳಲ್ಲಿ ಹುಟ್ಟುವ ಮ್ಯಾಂಗನೀಸ್ ಕ್ಲೋರೈಡನ್ನು ಚುರುಕಾಗಿ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ. ಹೀಗೆ ಒಂದು ಕ್ರಿಯೆ ಇನ್ನೊಂದನ್ನು ಪ್ರೇರೇಪಿಸುವುದರಿಂದ, ಕಬ್ಬಿಣವಿಲ್ಲದ ಬ್ಲ್ಯಾಂಕಿನಲ್ಲಿ ದೋಷ ಕಾಣುವುದೇ ಇಲ್ಲ. ಹುಟ್ಟಿದ ಕ್ಲೋರಿನ್ ಅಷ್ಟೂ ತಿರುಗಿ ಫೆರಸ್ ಅನ್ನೇ ಉತ್ಕರ್ಷಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ, ಅಷ್ಟು ಪರ್ಮಾಂಗನೇಟ್ ನಮ್ಮ ಲೆಕ್ಕದಲ್ಲಿ ಇಲ್ಲದ ಕಬ್ಬಿಣವಾಗಿ ಸೇರುತ್ತದೆ. ಎಷ್ಟು ಪಾಲು ಎಂಬುದು ಬ್ಯೂರೆಟ್ ಬಿಡುವ ವೇಗ, ಫ್ಲಾಸ್ಕ್ ತಿರುಗಿಸುವ ರೀತಿ, ಕ್ಲೋರೈಡಿನ ಪ್ರಮಾಣ ಇವುಗಳ ಮೇಲೆ ನಿಂತಿರುವುದರಿಂದ ಮೂರು ಓದುಗಳೂ ಮೂರು ಕಡೆ ಎಳೆದಿದ್ದವು.

ಈ ದೋಷಕ್ಕೆ ಹಳೆಯ ಮದ್ದೊಂದಿದೆ. ಮ್ಯಾಂಗನಸ್ ಸಲ್ಫೇಟ್, ಸಲ್ಫ್ಯೂರಿಕ್ ಆಮ್ಲ, ಫಾಸ್ಫಾರಿಕ್ ಆಮ್ಲ ಬೆರೆಸಿದ ಜಿಮ್ಮರ್‌ಮನ್–ರೈನ್‌ಹಾರ್ಟ್ ದ್ರಾವಣವನ್ನು ಮೊದಲೇ ಸೇರಿಸಿದರೆ ಮಧ್ಯಸ್ಥಿತಿಯ ಮ್ಯಾಂಗನೀಸಿನ ಉತ್ಕರ್ಷಣ ಶಕ್ತಿ ತಗ್ಗಿ ಕ್ಲೋರೈಡ್ ಬಹುಮಟ್ಟಿಗೆ ಪಾರಾಗುತ್ತದೆ. ಆದರೆ ಆಮ್ಲದ ತೊಟ್ಟಿಯ ಮಾದರಿಗೆ ನನ್ನ ಆಯ್ಕೆ ಡೈಕ್ರೋಮೇಟ್. ತಣ್ಣಗಿನ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವಿದ್ದರೂ ಅದು ಕ್ಲೋರೈಡಿನ ಗೊಡವೆಗೆ ಹೋಗುವುದಿಲ್ಲ. ಆಮ್ಲ ಸಾರೀಕೃತವಾಗಿದ್ದು ಬಿಸಿಯೂ ಆಗಿದ್ದರೆ ಮಾತ್ರ ಈ ಭರವಸೆ ಇಲ್ಲ. ಇನ್ನೊಂದು ಅನುಕೂಲವೆಂದರೆ, ಶುದ್ಧ ಪೊಟ್ಯಾಸಿಯಂ ಡೈಕ್ರೋಮೇಟನ್ನು ಒಣಗಿಸಿ ತೂಗಿ ಕರಗಿಸಿದರೆ ಸಾಕು, ಅದರ ಸಾಂದ್ರತೆ ತೂಕದಿಂದಲೇ ಗೊತ್ತಾಗುತ್ತದೆ. ಪರ್ಮಾಂಗನೇಟಿಗೆ ಆ ಭಾಗ್ಯವಿಲ್ಲ, ಅದನ್ನು ಸೋಡಿಯಂ ಆಕ್ಸಲೇಟ್ ಎದುರು ಅಳೆದು ನೋಡಬೇಕು, ಅದೂ ದಿನ ಕಳೆದಂತೆ ಮತ್ತೆ ಮತ್ತೆ.

ಡೈಕ್ರೋಮೇಟಿಗೆ ಸೂಚಕ ಬೇಕೇ ಬೇಕು. ಅದರ ಕಿತ್ತಳೆ ಬಣ್ಣ ಅಷ್ಟು ಗಾಢವಲ್ಲ, ಮೇಲಾಗಿ ಕ್ರಿಯೆಯಲ್ಲಿ ಹುಟ್ಟುವ ಕ್ರೋಮಿಯಂ ಫ್ಲಾಸ್ಕನ್ನೆಲ್ಲ ಹಸಿರು ಮಾಡಿರುತ್ತದೆ. ನಾವು ಬಳಸಿದ್ದು ಸೋಡಿಯಂ ಡೈಫೀನೈಲ್‌ಅಮೈನ್ ಸಲ್ಫೋನೇಟ್. ಬಣ್ಣವಿಲ್ಲದ ಇದು ಸುಮಾರು 0.85 ವೋಲ್ಟ್ ಬಳಿ ಉತ್ಕರ್ಷಗೊಂಡು ನೇರಳೆಯಾಗುತ್ತದೆ. ಇದರ ಜೊತೆ ಫಾಸ್ಫಾರಿಕ್ ಆಮ್ಲವನ್ನು ಏಕೆ ಹಾಕಬೇಕು ಎಂಬುದನ್ನು ಅನೇಕರು ಫೆರಸ್ ಉತ್ಕರ್ಷಗೊಂಡು ಆದ ಫೆರಿಕ್ಕಿನ ಹಳದಿ ಬಣ್ಣ ಅಳಿಸಲು ಎಂದಷ್ಟೇ ಹೇಳಿ ಮುಗಿಸುತ್ತಾರೆ. ಅದು ಅರ್ಧ ಉತ್ತರ. ಸಲ್ಫ್ಯೂರಿಕ್ ಆಮ್ಲದಲ್ಲಿ ಫೆರಿಕ್–ಫೆರಸ್ ಜೋಡಿಯ ವಿಭವ ಸುಮಾರು 0.68 ವೋಲ್ಟ್. ಸಾವಿರದಲ್ಲಿ ಒಂದು ಪಾಲು ಫೆರಸ್ ಮಾತ್ರ ಉಳಿದಾಗ ಅದಕ್ಕೆ 0.18 ವೋಲ್ಟ್ ಸೇರಿ 0.86 ಆಗುತ್ತದೆ, ಅಂದರೆ ಕಬ್ಬಿಣ ಪೂರ್ತಿ ಮುಗಿಯುವ ಮೊದಲೇ ಸೂಚಕ ಬಣ್ಣ ತಿರುಗಿಸಲು ತೊಡಗುತ್ತದೆ. ಫಾಸ್ಫೇಟ್ ಫೆರಿಕ್ಕನ್ನು ಹಿಡಿದಿಟ್ಟುಕೊಂಡು ಈ ವಿಭವವನ್ನು ಕೆಳಗಿಳಿಸುವುದರಿಂದ, ಸೂಚಕದ ತಿರುವು ಸರಿಯಾಗಿ ಕೊನೆಯಲ್ಲಿ ವಿಭವ ಒಮ್ಮೆಲೇ ಮೇಲೇರುವ ಜಿಗಿತದೊಳಗೆ ಬೀಳುತ್ತದೆ. ಒಮ್ಮೆ ಅದನ್ನು ಹಾಕಲು ಮರೆತಾಗ ನೇರಳೆ ಒಮ್ಮೆಲೇ ಬರದೆ ಕೊಳಕು ಬೂದು ಬಣ್ಣವಾಗಿ ಮೆಲ್ಲಗೆ ಹರಡಿತ್ತು.

ಅದೇ ಹಿಗ್ಗಿಸಿದ ಮಾದರಿಯನ್ನು ಕೂಡಲೇ ಮತ್ತೆ ಅಳೆದೆವು. ತಡಮಾಡಿದರೆ ಗಾಳಿಯೇ ಫೆರಸ್ ಅನ್ನು ಫೆರಿಕ್ ಮಾಡಿಬಿಡುತ್ತದೆ. 4.896 ಗ್ರಾಂ ಡೈಕ್ರೋಮೇಟನ್ನು ಒಂದು ಲೀಟರಿಗೆ ಮಾಡಿದ್ದೆವು, 294.18ರಿಂದ ಭಾಗಿಸಿದರೆ 0.016643 ಮೋಲಾರ್. 25 ಮಿಲಿಲೀಟರ್ ಮಾದರಿಗೆ ಸಲ್ಫ್ಯೂರಿಕ್–ಫಾಸ್ಫಾರಿಕ್ ಮಿಶ್ರಣ ಮತ್ತು ಐದಾರು ಹನಿ ಸೂಚಕ ಸೇರಿಸಿ ಬಿಟ್ಟಾಗ, ಹಸಿರು ಕಡುವಾಗುತ್ತಾ ಬಂದು, ಒಂದೇ ಹನಿಗೆ ನೇರಳೆಯಾಯಿತು. ಮೂರು ಓದುಗಳು 18.40, 18.42, 18.44, ಸರಾಸರಿ 18.42.

Cr₂O₇²⁻ + 6Fe²⁺ + 14H⁺ → 2Cr³⁺ + 6Fe³⁺ + 7H₂O

ಒಂದು ಡೈಕ್ರೋಮೇಟಿಗೆ ಆರು ಫೆರಸ್. 0.016643ನ್ನು 18.42ರಿಂದ ಗುಣಿಸಿದರೆ 0.3066 ಮಿಲಿಮೋಲ್, ಅದರ ಆರು ಪಟ್ಟು 1.839 ಮಿಲಿಮೋಲ್ ಕಬ್ಬಿಣ. 250ರಲ್ಲಿ 25 ತೆಗೆದದ್ದರಿಂದ ಫ್ಲಾಸ್ಕಿನಲ್ಲಿದ್ದದ್ದು ಮೂಲ ದ್ರಾವಣದ 1 ಮಿಲಿಲೀಟರ್. ಆದ್ದರಿಂದ ತೊಟ್ಟಿಯಲ್ಲಿ 1.839 ಮೋಲಾರ್, 55.845ರಿಂದ ಗುಣಿಸಿದರೆ ಲೀಟರಿಗೆ 102.7 ಗ್ರಾಂ.

ನನ್ನ ಪರ್ಮಾಂಗನೇಟ್ 0.02012 ಮೋಲಾರ್ ಇತ್ತು, ಅದು ಒಂದಕ್ಕೆ ಐದು ಫೆರಸ್ ಲೆಕ್ಕದಲ್ಲಿ ವರ್ತಿಸುತ್ತದೆ, ಸರಾಸರಿ 18.85ಕ್ಕೆ ಬಂದ ಉತ್ತರ ಲೀಟರಿಗೆ 105.9 ಗ್ರಾಂ. ಸುಮಾರು ನೂರಕ್ಕೆ ಮೂರು ಹೆಚ್ಚು. ನಿಜವಾಗಿ ಬೇಕಾಗಿದ್ದ ಪರ್ಮಾಂಗನೇಟ್ 18.28 ಮಿಲಿಲೀಟರ್ ಮಾತ್ರ, ಉಳಿದ ಅರ್ಧ ಮಿಲಿಲೀಟರಿಗಿಂತ ಹೆಚ್ಚಿನದು ಆ ಬ್ಲೀಚಿಂಗ್ ಪುಡಿಯ ವಾಸನೆಗೆ ಹೋಗಿತ್ತು.

ಈ ವಿಧಾನ ಅಳೆಯುವುದು ಫೆರಸ್ ಅನ್ನು ಮಾತ್ರ. ಒಟ್ಟು ಕಬ್ಬಿಣ ಬೇಕಿದ್ದರೆ ಮೊದಲು ಸ್ಟ್ಯಾನಸ್ ಕ್ಲೋರೈಡಿನಿಂದ ಫೆರಿಕ್ಕನ್ನು ಅಪಕರ್ಷಿಸಿ, ಮಿಕ್ಕ ಸ್ಟ್ಯಾನಸ್ಸನ್ನು ನಾಶಮಾಡಿ ಮುಂದುವರಿಯಬೇಕು. ಡೈಕ್ರೋಮೇಟಿನ ಕ್ರೋಮಿಯಂ(VI) ವಿಷಕಾರಿ ಮತ್ತು ಕ್ಯಾನ್ಸರ್‌ಕಾರಕ, ಆದ್ದರಿಂದ ಬ್ಯೂರೆಟಿನಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿಯದೆ ಪ್ರತ್ಯೇಕ ಡಬ್ಬಿಗೆ ಹಾಕುತ್ತೇವೆ. ಸಲ್ಫ್ಯೂರಿಕ್ ಆಮ್ಲದ, ಕ್ಲೋರೈಡಿಲ್ಲದ ಮಾದರಿ ಬಂದಾಗ ನಾನು ಇಂದಿಗೂ ಪರ್ಮಾಂಗನೇಟನ್ನೇ ಬ್ಯೂರೆಟಿಗೆ ತುಂಬುತ್ತೇನೆ, ದ್ರಾವಣ ಕಪ್ಪಾಗಿರುವುದರಿಂದ ಮೇಲಿನ ಅಂಚನ್ನು ಓದುತ್ತೇನೆ, ಮತ್ತು ಗುಲಾಬಿ ಬಣ್ಣ ನಿಲ್ಲುತ್ತದೆಯೇ ಎಂದು ಗಡಿಯಾರ ನೋಡುತ್ತೇನೆ.