ಕೆಲಸ ನಿಂತಿರಲಿಲ್ಲ, ಆದರೂ ಹುದ್ದೆ ಖಾಲಿ ಇತ್ತು

ನಾನು ಒಂದು ಪಬ್ಲಿಕ್ ಲಿಮಿಟೆಡ್ ಕಂಪನಿಯಲ್ಲಿ ಕಂಪನಿ ಕಾನೂನಿನ ಕೆಲಸ ನೋಡಿಕೊಳ್ಳುವ ಸೆಕ್ರೆಟೇರಿಯಲ್ ವಿಭಾಗದಲ್ಲಿದ್ದೆ. ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಯಲ್ಲ. ಪೇಯ್ಡ್-ಅಪ್ ಬಂಡವಾಳ, ಅಂದರೆ ಷೇರುದಾರರು ಷೇರಿಗೆ ಕಟ್ಟಿದ ಹಣ, 12 ಕೋಟಿ ರೂಪಾಯಿ. ಹಣಕಾಸಿನ ಮುಖ್ಯಸ್ಥರಾಗಿದ್ದ ನಮ್ಮ ಸಿಎಫ್‌ಒ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಮೇ 31ಕ್ಕೆ ಕೆಲಸ ಬಿಟ್ಟರು. ಮಾರನೇ ದಿನದಿಂದಲೇ ಫೈನಾನ್ಸ್ ಜನರಲ್ ಮ್ಯಾನೇಜರ್ ಬ್ಯಾಂಕು, ಆಡಿಟ್ ಎಲ್ಲ ನೋಡಿಕೊಂಡರು. ಹುದ್ದೆ ಖಾಲಿ ಇದೆ ಅಂತ ಯಾರಿಗೂ ಅನಿಸಲಿಲ್ಲ, ನನಗೂ ಅಷ್ಟೇ.

ಅಕ್ಟೋಬರ್‌ನಲ್ಲಿ ನಮ್ಮ ಕಂಪನಿ ಸೆಕ್ರೆಟರಿ ಮೇಡಂ ಫೈಲ್ ತಿರುವಿ ಕೇಳಿದರು: "ಜನರಲ್ ಮ್ಯಾನೇಜರ್ ಅವರನ್ನು ಸಿಎಫ್‌ಒ ಅಂತ ನೇಮಿಸಿದ ಬೋರ್ಡ್ ರೆಸಲ್ಯೂಷನ್ ಎಲ್ಲಿ?"

ಇರಲಿಲ್ಲ. ಕೆಲಸ ಮಾಡುತ್ತಿದ್ದರೂ ಅವರು ಕೆಎಂಪಿ, ಅಂದರೆ ಕಾನೂನು ಗುರುತಿಸುವ ಕೀ ಮ್ಯಾನೇಜೀರಿಯಲ್ ಪರ್ಸನಲ್, ಆಗಿರಲಿಲ್ಲ.

2013ರ ಕಂಪನಿ ಕಾಯ್ದೆಯ ಪ್ರಕಾರ ಸಿಇಒ, ಎಂಡಿ ಅಥವಾ ಮ್ಯಾನೇಜರ್, ಕಂಪನಿ ಸೆಕ್ರೆಟರಿ, ಹೋಲ್‌ಟೈಮ್ ಡೈರೆಕ್ಟರ್, ಸಿಎಫ್‌ಒ ಇವರು ಕೆಎಂಪಿ. ಡೈರೆಕ್ಟರ್‌ಗಳಿಗಿಂತ ಒಂದೇ ಮೆಟ್ಟಿಲು ಕೆಳಗಿರುವ ಪೂರ್ಣಾವಧಿ ಅಧಿಕಾರಿಯೂ ಕೆಎಂಪಿ ಆಗಬಹುದು, ಆದರೆ ಬೋರ್ಡ್ ಹಾಗಂತ ಹೆಸರಿಸಿರಬೇಕು. ಇಲ್ಲಿ 'ಮ್ಯಾನೇಜರ್' ಅಂದರೆ ಬೋರ್ಡ್ ಕೆಳಗೆ ಇಡೀ ಕಂಪನಿ ನಡೆಸುವವರು. ವಿಸಿಟಿಂಗ್ ಕಾರ್ಡ್‌ನಲ್ಲಿ ಮ್ಯಾನೇಜರ್ ಅಂತಿದ್ದವರೆಲ್ಲ ಅಲ್ಲ.

ಲಿಸ್ಟೆಡ್ ಕಂಪನಿಗಳು ಮತ್ತು 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಪೇಯ್ಡ್-ಅಪ್ ಬಂಡವಾಳದ ಪಬ್ಲಿಕ್ ಕಂಪನಿಗಳು ಸಿಎಫ್‌ಒ ಇಟ್ಟುಕೊಳ್ಳಲೇಬೇಕು. ಹುದ್ದೆ ಖಾಲಿಯಾದರೆ 203(4)ನೇ ಸೆಕ್ಷನ್ ಪ್ರಕಾರ 6 ತಿಂಗಳೊಳಗೆ ತುಂಬಬೇಕು. ಲೆಕ್ಕ ಶುರುವಾಗುವುದು ಹುದ್ದೆ ಖಾಲಿಯಾದ ದಿನದಿಂದ, ರಾಜೀನಾಮೆ ಪತ್ರದ ತಾರೀಖಿನಿಂದಲ್ಲ. ನಮಗೆ ಅದು ನವೆಂಬರ್ 30ಕ್ಕೆ ಮುಗಿಯುತ್ತಿತ್ತು.

ಹೊರಗಿನಿಂದ ಒಬ್ಬರು ಒಪ್ಪಿದರು. ಆದರೆ ಅವರ ಹಳೇ ಕಂಪನಿಯಲ್ಲಿ 90 ದಿನದ ನೋಟಿಸ್ ಪೀರಿಯಡ್. ಅಂದರೆ ಅವರು ಬರುವಷ್ಟರಲ್ಲಿ ಜನವರಿ! ಹುಡುಕಾಟ ಜೂನ್‌ನಲ್ಲೇ ಶುರುವಾಗಿದ್ದರೆ ಈ 90 ದಿನ ಆರು ತಿಂಗಳೊಳಗೆ ಆರಾಮಾಗಿ ಮುಗಿಯುತ್ತಿತ್ತು, ಅಲ್ವಾ?

ಕೊನೆಗೆ ಜನರಲ್ ಮ್ಯಾನೇಜರ್ ಅವರನ್ನೇ ಸಿಎಫ್‌ಒ ಮಾಡುವುದು ಅಂತಾಯಿತು. ಡೈರೆಕ್ಟರ್‌ಗಳು ಬೇರೆ ಬೇರೆ ಊರಲ್ಲಿದ್ದರು. ಸಭೆ ಸೇರಿಸದೆ, ಸರ್ಕ್ಯುಲರ್ ರೆಸಲ್ಯೂಷನ್ ಕಳಿಸಿ ಸಹಿ ಹಾಕಿಸೋಣ ಅಂದೆ. ಮೇಡಂ ಬೇಡ ಅಂದರು. ಬೋರ್ಡ್ ಸಭೆ ಸೇರಿಯೇ ಹುದ್ದೆ ತುಂಬಬೇಕು ಅಂತ ಸೆಕ್ಷನ್‌ನಲ್ಲೇ ಇದೆ. ಏಳು ದಿನದ ನೋಟಿಸ್ ಕೊಟ್ಟು, ನವೆಂಬರ್ 22ರಂದು ವಿಡಿಯೊ ಕಾನ್ಫರೆನ್ಸ್‌ನಲ್ಲಿ ಸಭೆ ನಡೆಸಿದೆವು. ಸಂಬಳ, ಷರತ್ತು ಎಲ್ಲ ರೆಸಲ್ಯೂಷನ್‌ನಲ್ಲೇ ಬರೆದು, ನೇಮಕ ತಿಳಿಸುವ DIR-12 ಫಾರಂ ಅನ್ನು 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಿದೆವು.

ಗಡುವು ತಪ್ಪಿದ್ದರೆ ಕಂಪನಿಗೆ 5 ಲಕ್ಷ ದಂಡ. ತಪ್ಪಿಗೆ ಹೊಣೆಯಾದ ಪ್ರತಿ ಡೈರೆಕ್ಟರ್ ಮತ್ತು ಕೆಎಂಪಿಗೆ 50 ಸಾವಿರ, ಮೇಲೆ ದಿನಕ್ಕೆ ಸಾವಿರ. ಮೇಡಂ ಕೂಡ ಕೆಎಂಪಿ. ನನ್ನ ಅಸಡ್ಡೆಗೆ ಅವರು ಕೈಯಿಂದ ದುಡ್ಡು ಕಟ್ಟಬೇಕಾಗುತ್ತಿತ್ತಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಈಗ ನಾನಿರುವುದು ಲಿಸ್ಟೆಡ್ ಕಂಪನಿಯಲ್ಲಿ. ಇಲ್ಲಿ ಸಿಇಒ, ಎಂಡಿ, ಸಿಎಫ್‌ಒ ಹುದ್ದೆಗಳಿಗೆ ಸೆಬಿ 2023ರಿಂದ ಕೊಟ್ಟಿರುವುದು ಸಾಮಾನ್ಯವಾಗಿ 3 ತಿಂಗಳು ಮಾತ್ರ. ಯಾರಾದರೂ ರಾಜೀನಾಮೆ ಕೊಟ್ಟ ದಿನವೇ ಅವರ ಕೊನೆಯ ದಿನ ಯಾವುದು ಅಂತ ಎಚ್‌ಆರ್‌ಗೆ ಫೋನ್ ಮಾಡಿ ಕೇಳುತ್ತೇನೆ.